ರಿವ್ಯೂಗೆ ಹೋದ ಆ್ಯಪ್ ಎಲ್ಲಿ ನಿಂತಿದೆ?

ಗೂಗಲ್ ಪ್ಲೇ ಸ್ಟೋರ್‌ಗೆ ಸಲ್ಲಿಸಿದ ಆ್ಯಪ್ ಜನರ ಫೋನಿಗೆ ಬರುವ ಮೊದಲು ಹಲವು ಬಾಗಿಲು ದಾಟಬೇಕು. ಡೆವಲಪರ್ ಸಿದ್ಧಪಡಿಸಿದ ಬಂಡಲ್ ಫೈಲನ್ನು ಪ್ಲೇ ಕನ್ಸೋಲ್ ಎಂಬ ಜಾಲತಾಣಕ್ಕೆ ಏರಿಸುತ್ತಾರೆ. ಆ್ಯಪಿನ ಹೆಸರು, ಚಿತ್ರಗಳು, ವಿವರಣೆ, ಖಾಸಗಿತನದ ನೀತಿ, ಬಳಕೆದಾರರ ಯಾವ ಮಾಹಿತಿಯನ್ನು ತೆಗೆದುಕೊಳ್ಳಲಾಗುತ್ತದೆ ಎಂಬ ಘೋಷಣೆ ಇವೆಲ್ಲ ಅದರ ಜೊತೆಗೆ ಸೇರುತ್ತವೆ. ಎಲ್ಲವನ್ನೂ ಒಟ್ಟಾಗಿ ರಿವ್ಯೂಗೆ ಕಳಿಸಬೇಕು, ಅಲ್ಲಿ ಒಪ್ಪಿಗೆ ಸಿಗಬೇಕು, ಬಳಿಕ ಅದು ಸ್ಟೋರ್‌ನಲ್ಲಿ ಹರಡಬೇಕು. ಈ ದಾರಿಯಲ್ಲಿ ಎಲ್ಲಿ ನಿಂತರೂ ಡೆವಲಪರ್ ಹೇಳುವುದು ಒಂದೇ ಮಾತು: ‘ಆ್ಯಪ್ ಪೆಂಡಿಂಗ್ ಇದೆ.’ ಆದರೆ ಪ್ರತಿ ನಿಲುಗಡೆಗೂ ಬೇರೆ ಕಾರಣವಿದೆ, ಬೇರೆ ಪರಿಹಾರವಿದೆ. ಕೆಲವು ಕಡೆ ಗೂಗಲ್ ನೋಡಬೇಕಾದದ್ದು ಬಾಕಿ ಇರುತ್ತದೆ. ಇನ್ನು ಕೆಲವು ಕಡೆ ಡೆವಲಪರ್ ಒತ್ತಬೇಕಾದ ಗುಂಡಿಯೇ ಬಾಕಿ ಇರುತ್ತದೆ, ಅದು ಅವರಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಎಷ್ಟು ದಿನವಾಯಿತು ಎಂದು ಎಣಿಸುವ ಮೊದಲು, ಆ್ಯಪ್ ಸದ್ಯ ಯಾರ ಕೈಯಲ್ಲಿದೆ ಎಂದು ಗೊತ್ತುಮಾಡಿಕೊಳ್ಳಬೇಕು.

ಅದನ್ನು ಹೇಳುವ ಜಾಗ ಪ್ಲೇ ಕನ್ಸೋಲ್‌ನ ‘Publishing overview’ ಪುಟ. ಮಾಡಿದ ಬದಲಾವಣೆಗಳನ್ನೆಲ್ಲ ಈ ಪುಟ ಮೂರು ಗುಂಪುಗಳಾಗಿ ತೋರಿಸುತ್ತದೆ. ಇನ್ನೂ ರಿವ್ಯೂಗೆ ಕಳಿಸದವು ‘Changes not yet sent for review’ ಎಂಬ ತಲೆಬರಹದ ಕೆಳಗೆ, ರಿವ್ಯೂನಲ್ಲಿರುವವು ‘Changes in review’ ಕೆಳಗೆ, ಒಪ್ಪಿಗೆ ಸಿಕ್ಕಿದರೂ ಇನ್ನೂ ಪ್ರಕಟವಾಗದವು ‘Changes ready to publish’ ಕೆಳಗೆ ಇರುತ್ತವೆ. ಹೊಸಬರು ಹೆಚ್ಚಾಗಿ ಎಡವುವುದು ಮೊದಲ ಗುಂಪಿನಲ್ಲಿ. ರಿಲೀಸ್ ಸಿದ್ಧಪಡಿಸಿ ‘Save’ ಒತ್ತಿದರೆ ಸಲ್ಲಿಸಿದಂತೆ ಆಗುವುದಿಲ್ಲ. ಈ ಪುಟಕ್ಕೆ ಬಂದು ಕಳಿಸುವ ಗುಂಡಿಯನ್ನು ಬೇರೆಯಾಗಿ ಒತ್ತಬೇಕು. ಒತ್ತದಿದ್ದರೆ ವಾರ ಕಳೆದರೂ ಗೂಗಲ್‌ನಲ್ಲಿ ಯಾರೂ ಆ ಆ್ಯಪನ್ನು ನೋಡಿರುವುದಿಲ್ಲ. ಗುಂಡಿ ಮಂಕಾಗಿದ್ದು ಒತ್ತಲು ಬಾರದಿದ್ದರೆ ಯಾವುದೋ ಘೋಷಣೆಯನ್ನು ತುಂಬುವುದು ಬಾಕಿ ಇದೆ ಎಂದರ್ಥ.

ಮೂರನೆಯ ಗುಂಪಿನ ಗೊಂದಲ ಇದಕ್ಕೆ ತದ್ವಿರುದ್ಧ. ಕನ್ಸೋಲ್‌ನಲ್ಲಿ ‘Managed publishing’ ಎಂಬ ಸ್ವಿಚ್ ಇದೆ. ಅದು ಆನ್ ಇದ್ದರೆ ರಿವ್ಯೂ ಮುಗಿದು ಒಪ್ಪಿಗೆ ಸಿಕ್ಕಿದ ಮೇಲೂ ಆ್ಯಪ್ ತಾನಾಗಿ ಪ್ರಕಟವಾಗುವುದಿಲ್ಲ, ಡೆವಲಪರ್ ಬಂದು ಕೊನೆಯ ಗುಂಡಿ ಒತ್ತುವವರೆಗೆ ಕಾಯುತ್ತದೆ. ದೊಡ್ಡ ಕಂಪನಿಗಳು ಬಿಡುಗಡೆಯ ದಿನವನ್ನು ತಾವೇ ನಿಗದಿ ಮಾಡಿಕೊಳ್ಳಲು ಇದನ್ನು ಬಳಸುತ್ತವೆ. ಒಬ್ಬರೇ ಕೆಲಸ ಮಾಡುವ ಡೆವಲಪರ್ ಎಂದೋ ಆನ್ ಮಾಡಿ ಮರೆತಿದ್ದರೆ, ಒಪ್ಪಿಗೆ ಪಡೆದ ಆ್ಯಪ್ ಸುಮ್ಮನೆ ಕೂತಿರುತ್ತದೆ.

ಈ ಎರಡು ನಿಲುಗಡೆಗಳಿಗೂ ಮೊದಲು ಖಾತೆಯದೇ ಒಂದು ಬಾಗಿಲಿದೆ. ಪ್ಲೇ ಕನ್ಸೋಲ್ ಖಾತೆ ತೆರೆಯಲು ಒಂದು ಬಾರಿ 25 ಡಾಲರ್ ಕಟ್ಟಬೇಕು, ಗುರುತಿನ ದಾಖಲೆ ಕೊಡಬೇಕು, ಫೋನ್ ಮತ್ತು ಇಮೇಲ್ ದೃಢಪಡಿಸಬೇಕು. ಸಂಸ್ಥೆಯ ಹೆಸರಿನ ಖಾತೆಯಾದರೆ ಡನ್ಸ್ ಸಂಖ್ಯೆಯೂ ಬೇಕು. ದಾಖಲೆಯಲ್ಲಿರುವ ಹೆಸರು, ವಿಳಾಸ ಖಾತೆಯಲ್ಲಿ ಬರೆದದ್ದಕ್ಕೆ ಹೊಂದದಿದ್ದರೆ ದೃಢೀಕರಣ ಅಲ್ಲೇ ನಿಲ್ಲುತ್ತದೆ. ಆಧಾರ್‌ನಲ್ಲಿ ಇನಿಶಿಯಲ್ ಹಿಂದೆ, ಬ್ಯಾಂಕಿನಲ್ಲಿ ಮುಂದೆ, ಇನ್ನೊಂದು ದಾಖಲೆಯಲ್ಲಿ ತಂದೆಯ ಪೂರ್ತಿ ಹೆಸರು ಎಂಬಂತೆ ಒಬ್ಬರದೇ ಹೆಸರು ನಾನಾ ರೂಪದಲ್ಲಿರುವುದು ನಮ್ಮ ಕಡೆ ಸಾಮಾನ್ಯ. ಸಲ್ಲಿಸುವ ದಾಖಲೆಯಲ್ಲಿ ಹೆಸರು ಹೇಗಿದೆಯೋ ಖಾತೆಯಲ್ಲೂ ಹಾಗೆಯೇ ಬರೆಯುವುದು ಕ್ಷೇಮ.

ವೈಯಕ್ತಿಕ ಖಾತೆ 2023ರ ನವೆಂಬರ್ 13ರ ನಂತರ ತೆರೆದದ್ದಾದರೆ ಇನ್ನೊಂದು ಷರತ್ತು ಅನ್ವಯಿಸುತ್ತದೆ. ಆ್ಯಪನ್ನು ನೇರವಾಗಿ ಎಲ್ಲರಿಗೂ ಬಿಡುಗಡೆ ಮಾಡಲಾಗದು. ಮೊದಲು ‘Closed testing’ ಎಂಬ ಸೀಮಿತ ಪರೀಕ್ಷೆಯಲ್ಲಿ ಕನಿಷ್ಠ 12 ಮಂದಿ, ಸತತ 14 ದಿನ, ಸೇರಿಕೊಂಡಿರಬೇಕು. ಆರಂಭದಲ್ಲಿ ಈ ಸಂಖ್ಯೆ 20 ಇತ್ತು, ಆಮೇಲೆ ಇಳಿಸಲಾಯಿತು. ಇಲ್ಲಿ ಲೆಕ್ಕ ತಪ್ಪುವುದು ಎರಡು ರೀತಿಯಲ್ಲಿ. ಹನ್ನೆರಡು ಇಮೇಲ್ ವಿಳಾಸಗಳನ್ನು ಪಟ್ಟಿಗೆ ಸೇರಿಸಿದರೆ ಹನ್ನೆರಡು ಪರೀಕ್ಷಕರು ಸಿಕ್ಕಂತಲ್ಲ. ಅವರಲ್ಲಿ ಪ್ರತಿಯೊಬ್ಬರೂ ಕಳಿಸಿದ ಲಿಂಕ್ ತೆರೆದು, ಪರೀಕ್ಷಕರಾಗಲು ಒಪ್ಪಿ, ಅದೇ ಗೂಗಲ್ ಖಾತೆಯಿಂದ ಆ್ಯಪ್ ಹಾಕಿಕೊಳ್ಳಬೇಕು. ಹಾಗೆಯೇ, ‘Internal testing’ ಎಂಬ ಇನ್ನೊಂದು ಪರೀಕ್ಷಾ ವಿಭಾಗದಲ್ಲಿ ಕಳೆದ ದಿನಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಹತ್ತನೆಯ ದಿನ ಒಬ್ಬರು ಹೊರಗೆ ಹೋಗಿ ಸಂಖ್ಯೆ 11ಕ್ಕೆ ಇಳಿದರೆ ‘ಸತತ’ ಎಂಬ ಷರತ್ತು ಮುರಿಯುತ್ತದೆ. ಹಾಗಾಗಿ ಹದಿನೈದು, ಹದಿನಾರು ಮಂದಿಯನ್ನು ಸೇರಿಸಿಕೊಳ್ಳುವುದು ಜಾಣತನ. 14 ದಿನ ಮುಗಿದ ಮೇಲೆ ಬಿಡುಗಡೆಯ ಅನುಮತಿಗೆ ಪ್ರತ್ಯೇಕ ಅರ್ಜಿ ಹಾಕಬೇಕು. ಪರೀಕ್ಷಕರು ಏನು ಹೇಳಿದರು, ಅದರಿಂದ ಆ್ಯಪಿನಲ್ಲಿ ಏನು ಬದಲಾಯಿತು ಎಂಬ ಪ್ರಶ್ನೆಗಳು ಆ ಅರ್ಜಿಯಲ್ಲಿರುತ್ತವೆ. ‘ಚೆನ್ನಾಗಿದೆ ಎಂದರು’ ಎಂಬ ಒಂದು ಸಾಲಿನ ಉತ್ತರಕ್ಕಿಂತ, ‘ಮೊತ್ತದ ಅಂಕಿ ಸಣ್ಣದಾಗಿ ಕಾಣುತ್ತಿತ್ತು, ಅಕ್ಷರದ ಗಾತ್ರ ಹೆಚ್ಚಿಸಲಾಯಿತು’ ಎಂಬಂಥ ಉತ್ತರ ನಿಜವಾಗಿ ಪರೀಕ್ಷೆ ನಡೆದಿದೆ ಎಂದು ತೋರಿಸುತ್ತದೆ. ಈ ಅರ್ಜಿಯ ತೀರ್ಮಾನಕ್ಕೂ ಸಾಮಾನ್ಯವಾಗಿ ಒಂದು ವಾರದವರೆಗೆ ಕಾಯಬೇಕಾಗುತ್ತದೆ.

ಇದೆಲ್ಲ ದಾಟಿ, ಆ್ಯಪ್ ನಿಜವಾಗಿ ‘In review’ ಸ್ಥಿತಿಯಲ್ಲಿದೆ ಎಂದಾದರೆ ಕಾಯುವ ಕಾಲ ಆರಂಭವಾಗುತ್ತದೆ. ರಿವ್ಯೂಗೆ ಏಳು ದಿನದವರೆಗೆ, ಅಪರೂಪದ ಸಂದರ್ಭಗಳಲ್ಲಿ ಅದಕ್ಕಿಂತ ಹೆಚ್ಚು ಸಮಯ ಹಿಡಿಯಬಹುದು ಎಂದು ಗೂಗಲ್ ಹೇಳುತ್ತದೆ. ಕೆಲವು ಡೆವಲಪರ್ ಖಾತೆಗಳ ಆ್ಯಪ್‌ಗಳನ್ನು ಹೆಚ್ಚು ಕೂಲಂಕಷವಾಗಿ ನೋಡಲಾಗುತ್ತದೆ ಎಂದೂ ಅದು ತಿಳಿಸಿದೆ. ಆದ್ದರಿಂದ ಪರಿಚಿತರೊಬ್ಬರ ಅಪ್‌ಡೇಟ್ ಎರಡು ಗಂಟೆಯಲ್ಲಿ ಬಂತು ಎಂಬುದು ಹೊಸ ಖಾತೆಯ ಮೊದಲ ಆ್ಯಪ್‌ಗೆ ಅಳತೆಗೋಲಾಗದು. ಮೂರು ದಿನವಾದರೆ ಗಾಬರಿಪಡಬೇಕಾದ್ದಿಲ್ಲ. ಏಳು ದಿನ ದಾಟಿದರೆ ಕಾರಣ ಹುಡುಕಬೇಕು. ಕಾರಣ ಹೆಚ್ಚಾಗಿ ಸಿಗುವುದು ಎರಡು ಕಡೆ: ಆ್ಯಪ್ ಕೇಳುವ ಅನುಮತಿಗಳಲ್ಲಿ, ಮತ್ತು ಪರಿಶೀಲಕರು ಆ್ಯಪ್ ಒಳಗೆ ಹೋಗಲು ಆಗದಿರುವುದರಲ್ಲಿ.

ಅನುಮತಿ ಎಂದರೆ ಫೋನಿನ ಯಾವ ಭಾಗಕ್ಕೆ ಆ್ಯಪ್ ಕೈಹಾಕುತ್ತದೆ ಎಂಬ ಹೇಳಿಕೆ. ಕ್ಯಾಮೆರಾ, ಮೈಕ್ ಮೊದಲಾದವನ್ನು ಬಳಕೆದಾರರೇ ಪರದೆಯ ಮೇಲೆ ಒಪ್ಪುತ್ತಾರೆ. ಆದರೆ ಕೆಲವನ್ನು ಗೂಗಲ್ ಹೆಚ್ಚು ಸೂಕ್ಷ್ಮವೆಂದು ಪರಿಗಣಿಸಿದೆ. ಎಸ್ಸೆಮ್ಮೆಸ್ ಓದುವುದು, ಕರೆಗಳ ದಾಖಲೆ ನೋಡುವುದು, ಆ್ಯಪ್ ಮುಚ್ಚಿದ್ದಾಗಲೂ ಬಳಕೆದಾರ ಎಲ್ಲಿದ್ದಾರೆಂದು ತಿಳಿಯುವುದು, ಫೋನಿನ ಎಲ್ಲ ಫೈಲ್‌ಗಳನ್ನು ನೋಡುವುದು ಇಂಥವು. ಎಸ್ಸೆಮ್ಮೆಸ್ ಮತ್ತು ಕರೆ ದಾಖಲೆಗಳ ಮೇಲಿನ ನಿರ್ಬಂಧವನ್ನು 2018ರ ಅಕ್ಟೋಬರ್‌ನಲ್ಲಿ ಘೋಷಿಸಲಾಯಿತು. ಆ ಕೆಲಸವೇ ಆ್ಯಪಿನ ಮುಖ್ಯ ಉದ್ದೇಶವಾಗಿದ್ದರೆ ಮಾತ್ರ ಅನುಮತಿ ಎಂಬುದು ಅಂದಿನಿಂದಲೂ ಅದರ ತಿರುಳು. ಇಂಥ ಅನುಮತಿ ಬಂಡಲ್‌ನಲ್ಲಿ ಕಂಡರೆ ಕನ್ಸೋಲ್ ಪ್ರತ್ಯೇಕ ಘೋಷಣಾ ಅರ್ಜಿ ಕೇಳುತ್ತದೆ. ಹಿನ್ನೆಲೆಯಲ್ಲಿ ಸ್ಥಳ ತಿಳಿಯುವ ಅನುಮತಿಗೆ ಆ ಸೌಲಭ್ಯ ಹೇಗೆ ಕೆಲಸ ಮಾಡುತ್ತದೆಂದು ತೋರಿಸುವ ವಿಡಿಯೊವೂ ಬೇಕು. ಅರ್ಜಿ ಹೋದ ಮೇಲೆ ವಿಸ್ತೃತ ರಿವ್ಯೂ ನಡೆಯುತ್ತದೆ, ಅದು ಹಲವು ವಾರ ಹಿಡಿಯಬಹುದು. ಅಷ್ಟು ದಿನವೂ ಆ್ಯಪ್ ಪೆಂಡಿಂಗ್ ಆಗಿಯೇ ಇರುತ್ತದೆ. ತಿಂಗಳುಗಟ್ಟಲೆ ಕಾಯುವ ಆ್ಯಪ್‌ಗಳ ಬಗ್ಗೆ ಕೇಳಿಬಂದಾಗ ಮೊದಲು ಸಂಶಯಪಡಬೇಕಾದದ್ದು ಇದನ್ನೇ.

ತಾನು ಎಸ್ಸೆಮ್ಮೆಸ್ ಅನುಮತಿ ಕೇಳಿಯೇ ಇಲ್ಲ ಎಂದು ಡೆವಲಪರ್ ಪ್ರಾಮಾಣಿಕವಾಗಿ ನಂಬಿರುವ ಸಂದರ್ಭವೂ ಉಂಟು. ಅವರು ಬರೆದ ಮ್ಯಾನಿಫೆಸ್ಟ್ ಫೈಲ್‌ನಲ್ಲಿ ಅದು ಇರುವುದೇ ಇಲ್ಲ. ಆದರೆ ಆ್ಯಪ್ ಕಟ್ಟುವಾಗ ಅದರಲ್ಲಿ ಬಳಸಿದ ಪ್ರತಿ ಲೈಬ್ರರಿಯ ಮ್ಯಾನಿಫೆಸ್ಟ್ ಕೂಡ ಡೆವಲಪರ್‌ನ ಮ್ಯಾನಿಫೆಸ್ಟ್‌ಗೆ ಬೆಸೆದುಕೊಳ್ಳುತ್ತದೆ. ಲೈಬ್ರರಿ ಕೇಳಿದ ಅನುಮತಿ ಆ್ಯಪ್ ಕೇಳಿದ ಅನುಮತಿಯೇ ಆಗುತ್ತದೆ. ಜಾಹೀರಾತಿನ ಅಥವಾ ಅಂಕಿಅಂಶದ ಲೈಬ್ರರಿ ಸೇರಿಸಿದಾಗ ಜಾಹೀರಾತು ಗುರುತಿನ `AD_ID` ಅನುಮತಿ ಹೀಗೆಯೇ ಒಳಬರುತ್ತದೆ. ಆಗ ಕನ್ಸೋಲ್‌ನಲ್ಲಿ ‘ಜಾಹೀರಾತು ಗುರುತನ್ನು ಬಳಸುವುದಿಲ್ಲ’ ಎಂದು ಘೋಷಿಸಿದ್ದರೆ ಹೇಳಿಕೆಯೇ ಒಂದು, ಬಂಡಲ್‌ನಲ್ಲಿರುವುದೇ ಇನ್ನೊಂದು ಎಂದಾಗುತ್ತದೆ. ಆಂಡ್ರಾಯ್ಡ್ ಸ್ಟುಡಿಯೊದಲ್ಲಿ ಮ್ಯಾನಿಫೆಸ್ಟ್ ಫೈಲ್ ತೆರೆದು, ಕೆಳಗಿನ ‘Merged Manifest’ ಟ್ಯಾಬ್ ನೋಡಿದರೆ ಯಾವ ಸಾಲು ಯಾವ ಲೈಬ್ರರಿಯಿಂದ ಬಂತು ಎಂಬುದು ಕಾಣುತ್ತದೆ. ಸ್ಟೋರ್‌ಗೆ ನಿಜವಾಗಿ ಹೋಗುವ ಬಂಡಲ್‌ನಲ್ಲೇ ನೋಡಬೇಕೆಂದರೆ ಗೂಗಲ್‌ನ ಬಂಡಲ್‌ಟೂಲ್ ಇದೆ:

```
bundletool dump manifest --bundle=app-release.aab
```

ಹೊರಬಂದ ಪಠ್ಯದಲ್ಲಿ `uses-permission` ಎಂಬ ಸಾಲುಗಳನ್ನು ಒಂದೊಂದಾಗಿ ಓದಿ, ಪ್ರತಿಯೊಂದಕ್ಕೂ ‘ಇದು ಆ್ಯಪ್‌ಗೆ ಏಕೆ ಬೇಕು?’ ಎಂದು ಕೇಳಿಕೊಳ್ಳಬೇಕು. ಉತ್ತರ ಇಲ್ಲದ್ದನ್ನು ತೆಗೆಯಬೇಕು. ಲೈಬ್ರರಿಯಿಂದ ಬಂದದ್ದಾದರೆ, ಅದರ ಆ ಸೌಲಭ್ಯವನ್ನು ಬಳಸುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಸ್ವಂತ ಮ್ಯಾನಿಫೆಸ್ಟ್‌ನಲ್ಲಿ ಹೀಗೆ ಬರೆದರೆ ಬೆಸೆಯುವಾಗ ಅದು ಬಿಟ್ಟುಹೋಗುತ್ತದೆ:

```xml
<uses-permission
    android:name="android.permission.READ_SMS"
    tools:node="remove" />
```

ಎರಡನೆಯ ಕಾರಣ ಭಾರತದ ಆ್ಯಪ್‌ಗಳಲ್ಲಿ ಎದ್ದು ಕಾಣುವಂಥದ್ದು. ನಮ್ಮಲ್ಲಿ ಹೆಚ್ಚಿನ ಆ್ಯಪ್‌ಗಳು ಮೊಬೈಲ್ ಸಂಖ್ಯೆ ಹಾಕಿ ಒಟಿಪಿ ಪಡೆದು ಒಳಹೋಗುವಂತೆ ಇರುತ್ತವೆ. ರಿವ್ಯೂ ಮಾಡುವವರ ಕೈಯಲ್ಲಿ ಭಾರತದ ಸಿಮ್ ಇರುತ್ತದೆ ಎನ್ನುವ ಹಾಗಿಲ್ಲ, ಡೆವಲಪರ್‌ನ ಫೋನಿಗೆ ಬಂದ ಒಟಿಪಿಯನ್ನು ಅವರು ಕೇಳಿ ಪಡೆಯುವುದೂ ಇಲ್ಲ. ಲಾಗಿನ್ ಪರದೆಯಾಚೆ ಹೋಗಲಾಗದಿದ್ದರೆ ಆ್ಯಪ್‌ನಲ್ಲಿ ಏನಿದೆ ಎಂದು ನೋಡುವ ದಾರಿ ಇಲ್ಲ. ಇದಕ್ಕಾಗಿಯೇ ಕನ್ಸೋಲ್‌ನ ‘App content’ ಪುಟದಲ್ಲಿ ‘App access’ ಎಂಬ ಭಾಗವಿದೆ. ಯಾವಾಗ ಬೇಕಾದರೂ, ಯಾವ ದೇಶದಿಂದ ಬೇಕಾದರೂ, ಎಷ್ಟು ಸಲ ಬೇಕಾದರೂ ಬಳಸಬಹುದಾದ ಲಾಗಿನ್ ವಿವರವನ್ನು ಅಲ್ಲಿ ಕೊಡಬೇಕು, ಸೂಚನೆಗಳನ್ನು ಇಂಗ್ಲಿಷಿನಲ್ಲಿ ಬರೆಯಬೇಕು. ಒಟಿಪಿ ಬೇಕಾದ ಆ್ಯಪ್ ಆದರೆ ಅವಧಿ ಮುಗಿಯದ ಸ್ಥಿರ ಒಟಿಪಿ ಕೊಡಬೇಕು.

ಸ್ಥಿರ ಒಟಿಪಿ ಮಾಡುವುದು ಕಷ್ಟವಲ್ಲ. ಲಾಗಿನ್‌ಗೆ ಫೈರ್‌ಬೇಸ್ ಬಳಸುವವರು ಅದರ ಕನ್ಸೋಲ್‌ನಲ್ಲಿ ಫೋನ್ ಲಾಗಿನ್ ವಿಭಾಗದ ‘Phone numbers for testing’ ಎಂಬಲ್ಲಿ ಒಂದು ಕಾಲ್ಪನಿಕ ಸಂಖ್ಯೆಯನ್ನೂ ಅದಕ್ಕೊಂದು ಸ್ಥಿರ ಆರಂಕಿಯ ಕೋಡನ್ನೂ ನಮೂದಿಸಬಹುದು. ಆ ಸಂಖ್ಯೆಗೆ ಎಸ್ಸೆಮ್ಮೆಸ್ ಹೋಗುವುದೇ ಇಲ್ಲ, ಕೋಡ್ ಹಾಕಿದೊಡನೆ ಒಳಗೆ ಬಿಡುತ್ತದೆ. ಸ್ವಂತ ಸರ್ವರ್ ಇರುವವರು ಒಂದು ಪರೀಕ್ಷಾ ಸಂಖ್ಯೆಗೆ ಮಾತ್ರ ಇದೇ ವ್ಯವಸ್ಥೆ ಮಾಡಬಹುದು. ಆ ಖಾತೆಗೆ ನಿಜವಾದ ಗ್ರಾಹಕರ ಮಾಹಿತಿ ಕಾಣದಂತೆ ನೋಡಿಕೊಳ್ಳುವುದು ಮುಖ್ಯ. ಹಾಗೆಂದು ಖಾತೆ ಖಾಲಿಯಾಗಿಯೂ ಇರಬಾರದು. ಬರೀ ‘ದಾಖಲೆಗಳಿಲ್ಲ’ ಎಂಬ ಪರದೆ ಕಂಡರೆ ಆ್ಯಪ್ ಏನು ಮಾಡುತ್ತದೆಂದು ಪರಿಶೀಲಕರಿಗೆ ತಿಳಿಯುವುದಿಲ್ಲ, ಆದ್ದರಿಂದ ಹತ್ತಿಪ್ಪತ್ತು ಮಾದರಿ ದಾಖಲೆಗಳನ್ನು ತುಂಬಿಡಬೇಕು. ಸರ್ವರ್‌ಗೆ ಭಾರತದಿಂದ ಬರುವ ಸಂಪರ್ಕವನ್ನು ಮಾತ್ರ ಬಿಡುವಂತೆ ಬೇಲಿ ಹಾಕಿದ್ದರೆ ಹೊರದೇಶದಿಂದ ಆ್ಯಪ್ ತೆರೆದವರಿಗೆ ತಿರುಗುವ ಚಕ್ರವಷ್ಟೇ ಕಾಣುತ್ತದೆ. ಖಾಸಗಿತನದ ನೀತಿಯ ಪುಟಕ್ಕೂ ಇದೇ ಮಾತು: ಅದು ಎಲ್ಲ ದೇಶಗಳಿಂದಲೂ ತೆರೆಯುವ ಸಾರ್ವಜನಿಕ ಪುಟವಾಗಿರಬೇಕು, ಪಿಡಿಎಫ್ ಆಗಿರಬಾರದು.

ಈ ಎರಡು ಕಾರಣಗಳು ಒಂದೇ ಆ್ಯಪ್‌ನಲ್ಲಿ ಹೇಗೆ ಸೇರಿಕೊಳ್ಳುತ್ತವೆ ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಲ್ಲಿ ನೋಡಬಹುದು. ಹಾಸನ ಜಿಲ್ಲೆಯ ಹಳ್ಳಿಯೊಂದರ ಹಾಲು ಉತ್ಪಾದಕರ ಸಂಘಕ್ಕೆ ಒಬ್ಬ ಡೆವಲಪರ್ ಆ್ಯಪ್ ಮಾಡಿಕೊಟ್ಟಿದ್ದಾರೆ ಎಂದು ಭಾವಿಸೋಣ. ಬೆಳಿಗ್ಗೆ, ಸಂಜೆ ಹಾಕಿದ ಹಾಲು ಎಷ್ಟು ಲೀಟರ್, ಫ್ಯಾಟ್ ಎಷ್ಟು, ಈ ಬಾರಿಯ ಬಟವಾಡೆ ಎಷ್ಟು ಎಂದು ಸದಸ್ಯರು ಅದರಲ್ಲಿ ನೋಡಬಹುದು. ಲಾಗಿನ್ ಒಟಿಪಿಯಿಂದ. ವಯಸ್ಸಾದ ಸದಸ್ಯರಿಗೆ ಒಟಿಪಿ ಬರೆಯುವುದು ತೊಡಕೆಂದು, ಬಂದ ಸಂದೇಶವನ್ನು ಆ್ಯಪ್ ತಾನೇ ಓದಿಕೊಳ್ಳುವಂತೆ ಮಾಡಲಾಗಿದೆ. ಅದಕ್ಕಾಗಿ `READ_SMS` ಅನುಮತಿ ಸೇರಿದೆ. ಆ್ಯಪ್ ರಿವ್ಯೂಗೆ ಹೋಗಿ ಹತ್ತು ದಿನವಾಗಿದೆ, ಸ್ಥಿತಿ ‘In review’ ಎಂದೇ ಇದೆ. ಸಂಘದ ಕಾರ್ಯದರ್ಶಿ ದಿನಾ ಸಂಜೆ ಫೋನ್ ಮಾಡಿ ‘ಏನಾಯ್ತು ಸಾರ್, ಬಂತಾ?’ ಎಂದು ಕೇಳುತ್ತಿದ್ದಾರೆ.

ಹುಡುಕಾಟ ‘Publishing overview’ ಪುಟದಿಂದ ಶುರುವಾಗುತ್ತದೆ. ಬದಲಾವಣೆಗಳೆಲ್ಲ ರಿವ್ಯೂನಲ್ಲಿಯೇ ಇವೆ, ಕಳಿಸುವ ಗುಂಡಿ ಮರೆತಿಲ್ಲ, ಪ್ರಕಟಣೆಯ ಸ್ವಿಚ್‌ನ ತೊಂದರೆಯೂ ಇಲ್ಲ. ಆಮೇಲೆ ಕನ್ಸೋಲ್‌ನ ‘Inbox’ ಮತ್ತು ‘Policy status’ ನೋಡಬೇಕು. ಗೂಗಲ್ ಕಳಿಸಿದ ಮೇಲ್ ಸ್ಪ್ಯಾಮ್ ಪೆಟ್ಟಿಗೆಗೆ ಬಿದ್ದಿದ್ದರೂ ಅದರ ಪ್ರತಿ ಇಲ್ಲಿ ಸಿಗುತ್ತದೆ. ಅಲ್ಲೂ ಏನಿಲ್ಲ. ಬಂಡಲ್‌ಟೂಲ್‌ನಿಂದ ಮ್ಯಾನಿಫೆಸ್ಟ್ ತೆಗೆದಾಗ `READ_SMS` ಕಣ್ಣಿಗೆ ಬೀಳುತ್ತದೆ. ಘೋಷಣಾ ಅರ್ಜಿಯಲ್ಲಿ ಡೆವಲಪರ್ ‘ಒಟಿಪಿ ಓದಲು’ ಎಂದು ಬರೆದಿದ್ದಾರೆ. ಒಟಿಪಿ ಓದುವುದು ಹಾಲಿನ ಲೆಕ್ಕದ ಆ್ಯಪಿನ ಮುಖ್ಯ ಉದ್ದೇಶವಲ್ಲ. ಅದೂ ಅಲ್ಲದೆ ಆ ಕೆಲಸಕ್ಕೆ ಈ ಅನುಮತಿಯೇ ಬೇಕಿಲ್ಲ. ಆಂಡ್ರಾಯ್ಡ್‌ನಲ್ಲಿ ಎಸ್ಸೆಮ್ಮೆಸ್ ರಿಟ್ರೀವರ್ ಎಂಬ ಸೌಲಭ್ಯವಿದೆ. ಸಂದೇಶದ ಕೊನೆಯಲ್ಲಿ ಆ ಆ್ಯಪ್‌ಗೆ ಸೇರಿದ 11 ಅಕ್ಷರಗಳ ಗುರುತನ್ನು ಸೇರಿಸಿ ಕಳಿಸಿದರೆ, ಆ ಒಂದು ಸಂದೇಶವನ್ನು ಮಾತ್ರ ಫೋನು ಆ್ಯಪ್‌ಗೆ ಒಪ್ಪಿಸುತ್ತದೆ. ಬೇರೆ ಯಾವ ಸಂದೇಶವೂ ಆ್ಯಪ್‌ಗೆ ಕಾಣುವುದಿಲ್ಲ, ಬಳಕೆದಾರರನ್ನು ಅನುಮತಿ ಕೇಳುವುದೂ ಬೇಡ. ಸದಸ್ಯರ ದೃಷ್ಟಿಯಿಂದಲೂ ಇದೇ ಒಳ್ಳೆಯದು. ಬ್ಯಾಂಕಿನ ಸಂದೇಶಗಳೂ ಬರುವ ಫೋನಿನಲ್ಲಿ ಎಲ್ಲ ಎಸ್ಸೆಮ್ಮೆಸ್ ಓದುವ ಹಕ್ಕು ಹಾಲಿನ ಲೆಕ್ಕದ ಆ್ಯಪ್‌ಗೆ ಇರಲೇಬಾರದು.

ಅನುಮತಿ ತೆಗೆದು ಹೊಸ ಬಂಡಲ್ ಕಟ್ಟಿದರೆ ಅರ್ಧ ಕೆಲಸ ಮಾತ್ರ ಮುಗಿಯುತ್ತದೆ. ಈ ಆ್ಯಪ್ ಹಿಂದೆ ಸೀಮಿತ ಪರೀಕ್ಷೆಗೆ ಹೋಗಿತ್ತು. ಆಗ ಏರಿಸಿದ ಹಳೆಯ ಬಂಡಲ್, ಉದಾಹರಣೆಗೆ ಆವೃತ್ತಿ ಸಂಖ್ಯೆ 7, ಆ ವಿಭಾಗದಲ್ಲಿ ಇನ್ನೂ ಸಕ್ರಿಯವಾಗಿದೆ. ಬಿಡುಗಡೆಗೆ ಕಳಿಸಿದ ಆವೃತ್ತಿ 9ರಲ್ಲಿ ಎಸ್ಸೆಮ್ಮೆಸ್ ಅನುಮತಿ ಇಲ್ಲದಿದ್ದರೂ ಆವೃತ್ತಿ 7ರಲ್ಲಿ ಇದೆ. ಗೂಗಲ್ ಆ್ಯಪನ್ನು ನೋಡುವಾಗ ಸಕ್ರಿಯವಾಗಿರುವ ಎಲ್ಲ ವಿಭಾಗಗಳ ಬಂಡಲ್‌ಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ‘ತೆಗೆದಿದ್ದೇನೆ, ಆದರೂ ಅದೇ ತಕರಾರು ಬರುತ್ತಿದೆ’ ಎಂಬ ದೂರಿನ ಹಿಂದೆ ಬಹಳ ಸಲ ಇದೇ ಇರುತ್ತದೆ. ಹೊಸ ಬಂಡಲನ್ನು ತೆರೆದ, ಸೀಮಿತ, ಆಂತರಿಕ ಪರೀಕ್ಷೆ ಎಲ್ಲೆಲ್ಲಿ ಹಳೆಯದಿದೆಯೋ ಅಲ್ಲೆಲ್ಲ ಹಾಕಿ, ಶೇಕಡಾ 100ರಷ್ಟು ಬಿಡುಗಡೆ ಮಾಡಿದಾಗ ಮಾತ್ರ ಹಳೆಯದು ನಿಷ್ಕ್ರಿಯವಾಗುತ್ತದೆ. ಶೇಕಡಾ 20ಕ್ಕೆ ನಿಲ್ಲಿಸಿದರೆ ಉಳಿದ 80ಕ್ಕಾಗಿ ಹಳೆಯ ಬಂಡಲ್ ಜೀವಂತವಾಗಿರುತ್ತದೆ. ಮೇಲ್‌ನಲ್ಲಿ ತಕರಾರಿನ ಜೊತೆ ಆವೃತ್ತಿ ಸಂಖ್ಯೆ ಕೊಟ್ಟಿದ್ದರೆ ಮೊದಲು ಅದನ್ನು ಓದಬೇಕು. ಅದು ಈಗ ಕಳಿಸಿದ ಸಂಖ್ಯೆಯೇ ಅಲ್ಲವೇ ಎಂಬುದರಿಂದಲೇ ವಿಷಯ ತಿಳಿಯುತ್ತದೆ.

ಇನ್ನು ‘App access’ ಭಾಗ. ಡೆವಲಪರ್ ಅಲ್ಲಿ ತಮ್ಮದೇ ಮೊಬೈಲ್ ಸಂಖ್ಯೆ ಬರೆದು, ‘ಒಟಿಪಿಗೆ ಕರೆ ಮಾಡಿ’ ಎಂದು ಸೂಚಿಸಿದ್ದಾರೆ. ಅದನ್ನು ಅಳಿಸಿ ಪರೀಕ್ಷಾ ಸಂಖ್ಯೆ, ಸ್ಥಿರ ಕೋಡ್ ಕೊಡಬೇಕು. ಆ್ಯಪ್ ಪೂರ್ತಿ ಕನ್ನಡದಲ್ಲಿರುವುದರಿಂದ, ಮೊದಲ ಪರದೆಯ ಹಸಿರು ಗುಂಡಿ ಏನು, ಎರಡನೆಯ ಪರದೆಯಲ್ಲಿ ಏನು ಕಾಣುತ್ತದೆ ಎಂಬುದನ್ನು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಬೇಕು. ಕನ್ನಡ ಬಾರದ ಪರಿಶೀಲಕರಿಗೆ ‘ಬಟವಾಡೆ’ ಎಂಬ ಗುಂಡಿ ಹಣ ಕಳಿಸುತ್ತದೆಯೋ ಅಥವಾ ಲೆಕ್ಕ ತೋರಿಸುತ್ತದೆಯೋ ಎಂದು ತಿಳಿಯುವ ದಾರಿ ಬೇರೆ ಇಲ್ಲ. ಹಣಕಾಸಿನ ಸೌಲಭ್ಯಗಳ ಘೋಷಣೆಯಲ್ಲಿ ಕೊಟ್ಟ ಉತ್ತರವೂ ಇದಕ್ಕೆ ಹೊಂದಬೇಕು. ಸದಸ್ಯರು ಆ್ಯಪ್‌ನಲ್ಲಿ ಖಾತೆ ತೆರೆಯುವಂತಿದ್ದರೆ, ಅದನ್ನು ಅಳಿಸುವ ದಾರಿ ಆ್ಯಪ್‌ನೊಳಗೂ ಒಂದು ಜಾಲಪುಟದಲ್ಲೂ ಇರಬೇಕು. ಸಣ್ಣ ಡೆವಲಪರ್‌ಗಳು ಬಿಟ್ಟುಬಿಡುವ ಷರತ್ತುಗಳಲ್ಲಿ ಇದೂ ಒಂದು.

ವಯೋಮಾನದ ಪ್ರಶ್ನೆಯಲ್ಲೂ ಎಚ್ಚರ ಬೇಕು. ‘ಎಲ್ಲರೂ ಬಳಸಬಹುದು’ ಎಂಬ ಒಳ್ಳೆಯ ಮನಸ್ಸಿನಿಂದ ಎಲ್ಲ ವಯಸ್ಸಿನ ಗುಂಪುಗಳಿಗೂ ಟಿಕ್ ಹಾಕಿದರೆ, ಆ್ಯಪ್ ಮಕ್ಕಳಿಗಾಗಿಯೂ ಮಾಡಿದ್ದು ಎಂದು ಗೂಗಲ್ ತಿಳಿಯುತ್ತದೆ, ಕುಟುಂಬ ನೀತಿಯ ಬಿಗಿ ನಿಯಮಗಳೆಲ್ಲ ಅದಕ್ಕೆ ಅನ್ವಯಿಸುತ್ತವೆ. ಹಾಲಿನ ಲೆಕ್ಕಕ್ಕೆ 18 ಮೀರಿದವರು ಎಂದರೆ ಸಾಕು. ಕನ್ನಡ ಅಕ್ಷರ ಕಲಿಸುವ ಆ್ಯಪ್ ಆದರೆ ಮಕ್ಕಳೇ ಬಳಕೆದಾರರು. ಆಗ ಟಿಕ್ ಹಾಕಲೇಬೇಕು, ಜಾಹೀರಾತಿನ ಲೈಬ್ರರಿಯನ್ನೂ ಆ ನೀತಿ ಒಪ್ಪುವಂಥದ್ದನ್ನೇ ಆರಿಸಬೇಕು.

ಕಾಯುವಾಗ ಮಾಡಬಾರದ ಕೆಲಸ ಒಂದಿದೆ, ಅದು ದಿನಕ್ಕೊಂದು ಹೊಸ ಬಂಡಲ್ ಏರಿಸುವುದು. ರಿವ್ಯೂನಲ್ಲಿರುವ ಬದಲಾವಣೆಗಳ ಮೇಲೆ ಮತ್ತಷ್ಟು ಸೇರಿಸಿ ಕಳಿಸಿದರೆ ಪರಿಶೀಲನೆ ಮೊದಲಿನಿಂದ ಶುರುವಾಗಬಹುದು. ‘ಹಳೆಯದು ಸಿಕ್ಕಿಹಾಕಿಕೊಂಡಿದೆ, ಹೊಸದು ಹಾಕಿದರೆ ಸರಿಹೋಗಬಹುದು’ ಎಂದು ಏನನ್ನೂ ಬದಲಾಯಿಸದೆ ಆವೃತ್ತಿ ಸಂಖ್ಯೆ ಮಾತ್ರ ಹೆಚ್ಚಿಸಿ ಕಳಿಸುವವರು ತಮ್ಮ ಕಾಯುವಿಕೆಯನ್ನು ತಾವೇ ಉದ್ದಮಾಡಿಕೊಂಡಂತೆ. ನಿಜವಾದ ತಪ್ಪು ಕಂಡರೆ ಮಾತು ಬೇರೆ. ಆಗ ಕಂಡ ಎಲ್ಲ ತಪ್ಪುಗಳನ್ನೂ ಒಂದೇ ಬಾರಿಗೆ ಸರಿಪಡಿಸಿ, ಒಮ್ಮೆ ಕಳಿಸಬೇಕು. ಮೇಲಿನ ಉದಾಹರಣೆಯಲ್ಲಿ ಅನುಮತಿ, ಹಳೆಯ ಬಂಡಲ್, ಲಾಗಿನ್ ವಿವರ, ಘೋಷಣೆಗಳು ನಾಲ್ಕೂ ಒಟ್ಟಿಗೆ ಹೋಗಬೇಕು. ಕಳಿಸುವ ಮೊದಲು ಕನ್ಸೋಲ್ ತಾನೇ ಕೆಲವು ನಿಮಿಷಗಳ ಯಾಂತ್ರಿಕ ತಪಾಸಣೆ ನಡೆಸಿ ಕಣ್ಣಿಗೆ ಬಿದ್ದ ದೋಷಗಳನ್ನು ತೋರಿಸುತ್ತದೆ. ಅದು ಮುಗಿಯುವವರೆಗೆ ಕಾದರೆ ಲಾಭವೇ. ಆಂಡ್ರಾಯ್ಡ್‌ನ ಯಾವ ಆವೃತ್ತಿಗಾಗಿ ಆ್ಯಪ್ ಕಟ್ಟಲಾಗಿದೆ ಎಂಬುದೂ ಸರಿ ಇರಬೇಕು: 2025ರ ಆಗಸ್ಟ್ 31ರಿಂದ ಹೊಸ ಆ್ಯಪ್‌ಗಳು, ಅಪ್‌ಡೇಟ್‌ಗಳು ಆಂಡ್ರಾಯ್ಡ್ 15, ಅಂದರೆ ಎಪಿಐ ಮಟ್ಟ 35ನ್ನು ಗುರಿಯಾಗಿಟ್ಟುಕೊಳ್ಳಬೇಕು. ಈ ಗಡಿ ಬಹುತೇಕ ಪ್ರತಿ ವರ್ಷ ಮುಂದೆ ಸರಿಯುತ್ತದೆ.

ಎಲ್ಲ ಸರಿಯಿದ್ದೂ ಏಳು ದಿನ ದಾಟಿದರೆ ಕನ್ಸೋಲ್‌ನ ಸಹಾಯ ವಿಭಾಗದಿಂದ ಗೂಗಲ್‌ಗೆ ಬರೆಯಬಹುದು. ‘ದಯವಿಟ್ಟು ಬೇಗ ಮಾಡಿ’ ಎಂಬ ಪತ್ರದಿಂದ ಓದುವವರಿಗೆ ಏನೂ ತಿಳಿಯದು. ಆ್ಯಪಿನ ಪ್ಯಾಕೇಜ್ ಹೆಸರು, ಆವೃತ್ತಿ ಸಂಖ್ಯೆ, ಯಾವ ವಿಭಾಗಕ್ಕೆ ಯಾವ ದಿನ ಕಳಿಸಿದ್ದು, ಸೂಕ್ಷ್ಮ ಅನುಮತಿ ಇದೆಯೇ ಇಲ್ಲವೇ, ಪರೀಕ್ಷಾ ಲಾಗಿನ್ ಈಗಲೂ ಕೆಲಸ ಮಾಡುತ್ತಿದೆಯೇ ಎಂಬುದನ್ನು ಐದಾರು ಸಾಲಿನಲ್ಲಿ ಬರೆಯಬೇಕು. ತಿರಸ್ಕೃತವಾದಾಗ ಬರುವ ಮೇಲ್‌ಗೆ ಬೇರೆಯೇ ದಾರಿ ಇದೆ. ತಪ್ಪು ಒಪ್ಪುವಂತಿದ್ದರೆ ಸರಿಪಡಿಸಿ ಮತ್ತೆ ಕಳಿಸುವುದು, ಗೂಗಲ್‌ನ ತೀರ್ಮಾನವೇ ಸರಿಯಲ್ಲ ಎನಿಸಿದರೆ ಮಾತ್ರ ಮೇಲ್ಮನವಿ ಸಲ್ಲಿಸುವುದು.

ಆಪಲ್‌ನ ಆ್ಯಪ್ ಸ್ಟೋರ್‌ನಲ್ಲಿ ನಡೆ ಹೆಚ್ಚುಕಡಿಮೆ ಇದೇ, ಆದರೆ ವೇಗ ಬೇರೆ. ಸರಾಸರಿ ಶೇಕಡಾ 90ರಷ್ಟು ಸಲ್ಲಿಕೆಗಳನ್ನು 24 ಗಂಟೆಯೊಳಗೆ ನೋಡಿ ಮುಗಿಸುವುದಾಗಿ ಆಪಲ್ ಹೇಳುತ್ತದೆ. ‘Waiting for Review’ ಎಂದರೆ ಸರದಿಯಲ್ಲಿದೆ, ‘In Review’ ಎಂದರೆ ಪರಿಶೀಲನೆ ನಡೆಯುತ್ತಿದೆ. ‘Pending Developer Release’ ಎಂದರೆ ಒಪ್ಪಿಗೆ ಸಿಕ್ಕಿ ಡೆವಲಪರ್‌ನ ಗುಂಡಿಗಾಗಿ ಕಾಯುತ್ತಿದೆ. ಗೂಗಲ್‌ನಲ್ಲಿ ಮರೆತ ಸ್ವಿಚ್‌ನಿಂದ ಆಗುವುದೇ ಇಲ್ಲೂ ಆಗುತ್ತದೆ. ಲಾಗಿನ್ ಬೇಕಾದ ಆ್ಯಪ್‌ಗೆ ಪರೀಕ್ಷಾ ಖಾತೆ ಇಲ್ಲೂ ಕಡ್ಡಾಯ. ಪರಿಶೀಲಕರು ಪ್ರಶ್ನೆ ಕೇಳಿದರೆ ಡೆವಲಪರ್ ಅಲ್ಲಿಯೇ ಉತ್ತರ ಬರೆಯಬಹುದು, ಆ ಉತ್ತರ ಹೋಗುವವರೆಗೆ ಕೆಲಸ ಮುಂದುವರಿಯುವುದಿಲ್ಲ. ಗಂಭೀರ ದೋಷ ಸರಿಪಡಿಸುವ ತುರ್ತು ಇದ್ದರೆ ಬೇಗ ನೋಡುವಂತೆ ಕೋರುವ ಅರ್ಜಿಗೂ ಆಪಲ್‌ನಲ್ಲಿ ಅವಕಾಶವಿದೆ.

ಕೊನೆಗೆ, ಒಪ್ಪಿಗೆ ಸಿಕ್ಕಿ ಪ್ರಕಟವಾದ ಮೇಲೂ ‘ಸ್ಟೋರ್‌ನಲ್ಲಿ ಕಾಣುತ್ತಿಲ್ಲ’ ಎಂಬ ದೂರು ಬರುವುದುಂಟು. ಹೊಸ ಆ್ಯಪ್ ಎಲ್ಲ ಫೋನುಗಳಲ್ಲೂ ಕಾಣಲು ಕೆಲವು ಗಂಟೆ ಬೇಕಾಗುತ್ತದೆ, ಹೆಸರು ಹುಡುಕಿದಾಗ ಸಿಗಲು ಇನ್ನೂ ತಡವಾಗಬಹುದು. ಹೀಗಾಗಿ ಹುಡುಕುವ ಬದಲು ನೇರ ವಿಳಾಸದಿಂದ ತೆರೆದು ನೋಡಬೇಕು. `https://play.google.com/store/apps/details?id=` ಎಂಬುದರ ಮುಂದೆ ಪ್ಯಾಕೇಜ್ ಹೆಸರು ಸೇರಿಸಿದರೆ ಆ ವಿಳಾಸ ಸಿದ್ಧ. ಪುಟ ತೆರೆದರೆ ಆ್ಯಪ್ ಪ್ರಕಟವಾಗಿದೆ, ಹುಡುಕಾಟಕ್ಕೆ ಸಿಗುವುದಷ್ಟೇ ಬಾಕಿ. ತೆರೆಯದಿದ್ದರೆ ಬಿಡುಗಡೆಯ ವಿಭಾಗದಲ್ಲಿ ದೇಶಗಳ ಪಟ್ಟಿ ನೋಡಬೇಕು. ಪರೀಕ್ಷೆಗೆ ಭಾರತವನ್ನು ಸೇರಿಸಿ ಬಿಡುಗಡೆಗೆ ಸೇರಿಸುವುದನ್ನು ಮರೆತಿರುವುದು ಉಂಟು. ಪುಟ ತೆರೆದು ‘ನಿಮ್ಮ ಸಾಧನಕ್ಕೆ ಹೊಂದುವುದಿಲ್ಲ’ ಎಂದರೆ ದೋಷ ರಿವ್ಯೂನದಲ್ಲ, ಆ್ಯಪ್ ಬೇಡುವ ಕನಿಷ್ಠ ಆಂಡ್ರಾಯ್ಡ್ ಆವೃತ್ತಿ ಅಥವಾ ಯಂತ್ರಾಂಶ ಆ ಫೋನಿನಲ್ಲಿಲ್ಲ ಎಂದರ್ಥ. ಹಳೆಯ ಫೋನುಗಳನ್ನೇ ಬಳಸುವ ಹಳ್ಳಿಯ ಸದಸ್ಯರಿಗಾಗಿ ಮಾಡಿದ ಆ್ಯಪ್‌ನಲ್ಲಿ ಆ ಕನಿಷ್ಠ ಆವೃತ್ತಿಯನ್ನು ಎಷ್ಟು ಕೆಳಗಿಡಬಹುದೋ ಅಷ್ಟು ಕೆಳಗಿಟ್ಟು ಮತ್ತೆ ಕಳಿಸಬೇಕಾಗುತ್ತದೆ.